ಮನೆಯಲ್ಲಿ ಎಲ್ಲ ಬರುತ್ತೆ, ಮಾಕ್ ಟೆಸ್ಟ್‌ನಲ್ಲಿ ಮಾತ್ರ ಮರೆತುಹೋಗುತ್ತೆ

ಪ್ರಶ್ನೆ: ನನ್ನ ಮಗಳಿಗೆ 17 ವರ್ಷ. ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾಳೆ. ಮನೆಯಲ್ಲಿ ಕೇಳಿದರೆ ಎಲ್ಲಾ ಹೇಳುತ್ತಾಳೆ, ಆದರೆ ಮಾಕ್ ಟೆಸ್ಟ್‌ಗಳಲ್ಲಿ ಅಂಕ ಇಳಿಯುತ್ತಲೇ ಇದೆ. ಪ್ರಶ್ನೆಪತ್ರಿಕೆ ನೋಡಿದ ಕೂಡಲೇ ಕೈ ನಡುಗುತ್ತೆ, ಓದಿದ್ದೆಲ್ಲಾ ಮರೆತುಹೋಗುತ್ತೆ ಅಂತಾಳೆ. ರಾತ್ರಿ ಒಂದರವರೆಗೆ ಓದಿ ಬೆಳಿಗ್ಗೆ ಐದಕ್ಕೆ ಏಳುತ್ತಾಳೆ. ಏನಾದರೂ ಕೇಳಿದರೆ ಸಿಡುಕುತ್ತಾಳೆ. ಪರೀಕ್ಷೆಗೆ ಇನ್ನು ಎರಡೂವರೆ ತಿಂಗಳಿದೆ. ಇದು ಬರೀ ಹೆದರಿಕೆಯಾ, ಡಾಕ್ಟರ್ ಹತ್ತಿರ ಹೋಗಬೇಕಾ? ಮನೆಯವರು ನಾವೇನು ಮಾಡಬೇಕು?

ಉತ್ತರ: ಡಾಕ್ಟರ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಆದರೆ ಒಂದು ಮಾತನ್ನು ಈಗಲೇ ಹೇಳಿಬಿಡಬೇಕು. ನಿಮ್ಮ ಮಗಳು ‘ಬದುಕೋದೇ ಬೇಡ’ ಅನ್ನುವಂಥ ಮಾತು ಆಡಿದ್ದರೆ, ಈ ಉತ್ತರವನ್ನು ಇಲ್ಲಿಗೇ ಬಿಟ್ಟು ಇವತ್ತೇ ಅವಳನ್ನು ಡಾಕ್ಟರ್ ಬಳಿ ಕರೆದುಕೊಂಡು ಹೋಗಿ. ಅಂಥದ್ದೇನೂ ಇಲ್ಲವಾದರೆ, ಮೊದಲು ಒಂದು ವಿಷಯ ಪತ್ತೆ ಮಾಡೋಣ. ಅವಳಿಗೆ ಹೆದರಿಕೆಯಿಂದ ಮರೆಯುತ್ತಿದೆಯಾ, ನಿದ್ದೆಗೆಟ್ಟು ಮರೆಯುತ್ತಿದೆಯಾ, ಅಥವಾ ಓದಿದ್ದೇ ಗಟ್ಟಿಯಾಗಿಲ್ಲವಾ? ಮೂರೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಆದರೆ ಮಾಡಬೇಕಾದ್ದು ಬೇರೆ ಬೇರೆ.

ಮನೆಯಲ್ಲಿ ನೀವು ಹೇಗೆ ಕೇಳುತ್ತೀರಿ ಅಂತ ಒಮ್ಮೆ ಯೋಚಿಸಿ. ಸಾಮಾನ್ಯವಾಗಿ ಪುಸ್ತಕ ಕೈಯಲ್ಲಿ ಹಿಡಿದು, ಇವತ್ತು ಓದಿದ ಪಾಠದಿಂದಲೇ ಪ್ರಶ್ನೆ ಕೇಳುತ್ತೇವೆ. ಯಾವ ಪಾಠದ ಪ್ರಶ್ನೆ ಅಂತ ಮಗುವಿಗೆ ಮೊದಲೇ ಗೊತ್ತು. ಅರ್ಧ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ. ಮಾಕ್ ಟೆಸ್ಟ್‌ನಲ್ಲಿ ಆ ಸುಳಿವು ಇರುವುದಿಲ್ಲ. ಎಲ್ಲಾ ಪಾಠಗಳೂ ಕಲಸಿಕೊಂಡು ಬರುತ್ತವೆ. ಮತ್ತೆ ಮತ್ತೆ ಓದಿದ ಪುಟ ಕಣ್ಣಿಗೆ ಪರಿಚಿತವಾಗುತ್ತದೆ, ಆ ಪರಿಚಯವನ್ನೇ ‘ಬರುತ್ತೆ’ ಅಂದುಕೊಳ್ಳುತ್ತೇವೆ. ಪುಸ್ತಕ ಮುಚ್ಚಿ ನೆನಪಿನಿಂದ ಎತ್ತಿ ತೆಗೆಯುವುದು ಬೇರೆಯದೇ ಕೆಲಸ.

ಅದಕ್ಕೇ ಈ ವಾರ ಒಂದು ಸಣ್ಣ ಪರೀಕ್ಷೆ ಮಾಡಿ. ಅವಳು ಒಪ್ಪಿದರೆ ಮಾತ್ರ. ಹಳೆಯ ಪ್ರಶ್ನೆಪತ್ರಿಕೆಗಳಿಂದ ಬೇರೆ ಬೇರೆ ಪಾಠಗಳ 30 ಪ್ರಶ್ನೆ ಆರಿಸಿ. ಒಂದು ದಿನ ಅವನ್ನು ಗಡಿಯಾರವಿಲ್ಲದೆ, ಪುಸ್ತಕವಿಲ್ಲದೆ, ತನ್ನ ಕೋಣೆಯಲ್ಲಿ ಒಬ್ಬಳೇ ಕೂತು ಮಾಡಲಿ. ಇನ್ನೊಂದು ದಿನ, ಅಷ್ಟೇ ಕಷ್ಟದ ಬೇರೆ 30 ಪ್ರಶ್ನೆಗಳನ್ನು ನಿಜವಾದ ಪರೀಕ್ಷೆಯಲ್ಲಿ ಸಿಗುವಷ್ಟೇ ಸಮಯ ಇಟ್ಟುಕೊಂಡು ಮಾಡಲಿ. ಎರಡೂ ದಿನ ಹಿಂದಿನ ರಾತ್ರಿ ಚೆನ್ನಾಗಿ ಮಲಗಿರಬೇಕು. ಗಡಿಯಾರ ಇಲ್ಲದಾಗಲೂ ಅಂಕ ಕಡಿಮೆಯಿದ್ದರೆ ತೊಂದರೆ ಇರುವುದು ಓದುವ ಕ್ರಮದಲ್ಲಿ. ಆಗ ಎಷ್ಟು ಧೈರ್ಯ ಹೇಳಿದರೂ ಅಂಕ ಏರುವುದಿಲ್ಲ, ಪುಸ್ತಕ ಮುಚ್ಚಿ ಪ್ರಶ್ನೆ ಬಿಡಿಸುವುದನ್ನು ಹೆಚ್ಚಿಸಬೇಕು ಅಷ್ಟೆ. ಗಡಿಯಾರ ಇಲ್ಲದಾಗ ಚೆನ್ನಾಗಿ ಮಾಡಿ, ಗಡಿಯಾರ ಬಂದಾಗ ಮಾತ್ರ ಕುಸಿದರೆ ವೇಗದ ಅಭ್ಯಾಸ ಸಾಲದು, ಅಥವಾ ಸಮಯದ ಭಯ ಇದೆ. ಮನೆಯಲ್ಲಿ ಎರಡೂ ಸಲ ಚೆನ್ನಾಗಿ ಮಾಡಿ, ಪರೀಕ್ಷಾ ಕೋಣೆಯಲ್ಲಿ ಮಾತ್ರ ಮರೆತರೆ, ಮತ್ತು ಹೊರಗೆ ಬಂದ ಹತ್ತು ನಿಮಿಷಕ್ಕೆ ಎಲ್ಲಾ ನೆನಪಾದರೆ, ಅದು ಪರೀಕ್ಷಾ ಆತಂಕವೇ.

ಈ ಆತಂಕ ನೆನಪನ್ನು ಅಳಿಸುವುದಿಲ್ಲ ಅನ್ನುವುದು ಮಕ್ಕಳಿಗೆ ಗೊತ್ತಿರಬೇಕು. ಲೆಕ್ಕ ಬಿಡಿಸುವಾಗ ನಾವು ಎರಡು ಮೂರು ವಿಷಯಗಳನ್ನು ಒಟ್ಟಿಗೆ ಮನಸ್ಸಿನಲ್ಲಿ ಹಿಡಿದುಕೊಳ್ಳುತ್ತೇವೆ. ಆ ಜಾಗ ಒಂದು ಪುಟ್ಟ ಮೇಜಿನ ಹಾಗೆ, ಅದರ ಮೇಲೆ ಹಿಡಿಸುವುದೇ ಸ್ವಲ್ಪ. ‘ಇದೂ ಹೋಯ್ತು, ಮನೆಯಲ್ಲಿ ಏನು ಹೇಳಲಿ’ ಅನ್ನುವ ಯೋಚನೆ ಬಂದು ಆ ಮೇಜಿನ ಅರ್ಧ ತುಂಬಿಕೊಂಡರೆ ಲೆಕ್ಕಕ್ಕೆ ಜಾಗ ಉಳಿಯುವುದಿಲ್ಲ. ಜೊತೆಗೆ ಗಾಬರಿಯಾದಾಗ ದೇಹದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ಕಲಿತದ್ದನ್ನು ಹೊರಗೆ ತೆಗೆಯುವುದಕ್ಕೆ ಅದು ಆ ಹೊತ್ತಿಗೆ ಅಡ್ಡಿ ಮಾಡುತ್ತದೆ. ಕೈ ನಡುಗುವುದಕ್ಕಿಂತ ಈ ಯೋಚನೆಗಳೇ ಅಂಕವನ್ನು ಜಾಸ್ತಿ ತಿನ್ನುತ್ತವೆ. ಹಾಗಾಗಿ ನಡುಕ ನಿಲ್ಲಿಸುವುದಕ್ಕಿಂತ ಯೋಚನೆಯ ಸರಪಳಿ ಕತ್ತರಿಸುವುದು ಮುಖ್ಯ.

ನನ್ನ ಬಳಿ ಬಂದಿದ್ದ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಅವನೂ ನಿಮ್ಮ ಮಗಳ ಹಾಗೇ ರಾತ್ರಿ ಒಂದಕ್ಕೆ ಮಲಗಿ ಐದಕ್ಕೆ ಏಳುತ್ತಿದ್ದ. ಮಾಕ್ ಟೆಸ್ಟ್‌ನಲ್ಲಿ 100 ಪ್ರಶ್ನೆ, ಮೂರು ಗಂಟೆ. ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಳೆಯುತ್ತಾರೆ. ಅವನು 92 ಪ್ರಶ್ನೆ ಮುಟ್ಟಿದ್ದ. 58 ಸರಿ, 34 ತಪ್ಪು. ಒಟ್ಟು 198 ಅಂಕ. ‘ಸರ್, ನನಗೆ ಏನೂ ಬರಲ್ಲ’ ಅಂತ ಕೂತಿದ್ದ.

ಆ 34 ತಪ್ಪುಗಳನ್ನು ಮೂರು ಗುಂಪು ಮಾಡು ಅಂದೆ. ಗೊತ್ತೇ ಇರಲಿಲ್ಲ, ಎರಡು ಆಯ್ಕೆಗಳ ನಡುವೆ ಗೊಂದಲವಾಯ್ತು, ಗೊತ್ತಿದ್ದೂ ತಪ್ಪಾಯ್ತು. ಗೊತ್ತಿಲ್ಲದ್ದು 12, ಗೊಂದಲದ್ದು 7, ಗೊತ್ತಿದ್ದೂ ತಪ್ಪಿದ್ದು 15 ಬಂತು. ಆ ಹದಿನೈದನ್ನು ಒಂದೊಂದಾಗಿ ನೋಡಿದೆವು. ‘ಇವುಗಳಲ್ಲಿ ಯಾವುದು ಸರಿಯಲ್ಲ’ ಎಂದು ಕೇಳಿದ್ದಕ್ಕೆ ಸರಿಯಾದದ್ದನ್ನೇ ಗುರುತು ಮಾಡಿದ್ದ. ಒಂದು ಕಡೆ ಋಣ ಚಿಹ್ನೆ ಬಿಟ್ಟಿದ್ದ. ಇನ್ನೊಂದು ಕಡೆ ಲೆಕ್ಕ ಸರಿಯಿತ್ತು, ಉತ್ತರ ಮಾತ್ರ ಪಕ್ಕದ ಸಾಲಿನಲ್ಲಿ ತುಂಬಿದ್ದ. ಈ ಹದಿನೈದರಲ್ಲಿ ಹತ್ತು ಕೊನೆಯ ಒಂದು ಗಂಟೆಯಲ್ಲಿ ಆದವು. ಮೂರು ತಪ್ಪುಗಳಂತೂ ಒಂದರ ಹಿಂದೆ ಒಂದು, ಒಂದೇ ಕಷ್ಟದ ಪ್ರಶ್ನೆಗೆ ಒಂಬತ್ತು ನಿಮಿಷ ಕಳೆದ ಮೇಲೆ ಆಗಿದ್ದವು.

ಹದಿನೈದೂ ಸರಿಯಾಗಿದ್ದರೆ ಒಂದೊಂದಕ್ಕೆ ಐದರಂತೆ, ಅಂದರೆ ಸಿಗುವ ನಾಲ್ಕು ಮತ್ತು ಉಳಿಯುವ ಒಂದು, 75 ಅಂಕ ಸೇರುತ್ತಿತ್ತು. 198ರ ಜಾಗದಲ್ಲಿ 273. ಆ ಲೆಕ್ಕವನ್ನು ಅವನ ಕೈಯಲ್ಲೇ ಬರೆಸಿದೆ. ಏನೂ ಬರಲ್ಲ ಎಂಬ ಮಾತಿಗೆ ಯಾರ ಸಮಾಧಾನಕ್ಕಿಂತಲೂ ಒಳ್ಳೆಯ ಉತ್ತರ ಅದು, ಯಾಕೆಂದರೆ ಅದು ಅವನದೇ ಪತ್ರಿಕೆಯಿಂದ ಬಂದದ್ದು. ನಿಮ್ಮ ಮಗಳೂ ಹೀಗೆ ಗುಂಪು ಮಾಡಲಿ. ಪರೀಕ್ಷೆ ಮುಗಿದ ದಿನವೇ ಬೇಡ, ಮಾರನೆಯ ದಿನ ಮಾಡಲಿ. ಸುಸ್ತಾಗಿ ಬೇಜಾರಿನಲ್ಲಿ ಇರುವಾಗ ಎಲ್ಲಾ ತಪ್ಪೂ ‘ಗೊತ್ತಿಲ್ಲ’ದ ಗುಂಪಿಗೇ ಹೋಗಿಬಿಡುತ್ತದೆ.

ಕೊನೆಯ ಗಂಟೆಯಲ್ಲೇ ತಪ್ಪು ಜಾಸ್ತಿ ಅಂದರೆ ನಾನು ಮೊದಲು ಅನುಮಾನಿಸುವುದು ನಿದ್ದೆಯನ್ನು. 13ರಿಂದ 18 ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎಂದು ನಿದ್ರಾ ತಜ್ಞರು ಹೇಳುತ್ತಾರೆ. ನಿಮ್ಮ ಮಗಳಿಗೆ ಸಿಗುತ್ತಿರುವುದು ನಾಲ್ಕು. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ. ಅಂದರೆ ರಾತ್ರಿ ಹನ್ನೊಂದರಿಂದ ಒಂದರವರೆಗೆ ಓದುವುದಕ್ಕೆ ಅವಳು ತೆರುತ್ತಿರುವ ಬೆಲೆ ಇಡೀ ದಿನದ ಓದು. ಹದಿಹರೆಯದಲ್ಲಿ ದೇಹದ ಗಡಿಯಾರ ತಾನಾಗಿಯೇ ತಡವಾಗಿ ಓಡುತ್ತದೆ, ರಾತ್ರಿ ಬೇಗ ನಿದ್ದೆ ಬರುವುದಿಲ್ಲ. ಅದಕ್ಕೇ ‘ಬೇಗ ಮಲಗಿ ಬೇಗ ಏಳು’ ಅನ್ನುವ ಮಾತು ಈ ವಯಸ್ಸಿಗೆ ಅಷ್ಟು ಸುಲಭವಾಗಿ ಹೊಂದುವುದಿಲ್ಲ. ಏಳುವುದನ್ನು ಸ್ವಲ್ಪ ಮುಂದೆ ಹಾಕುವುದೇ ಎಷ್ಟೋ ಮಕ್ಕಳಿಗೆ ಸುಲಭ.

ಒಂದೇ ದಿನ ಹತ್ತಕ್ಕೆ ಮಲಗಿಸಲು ಹೋಗಬೇಡಿ. ನಿದ್ದೆ ಬಾರದೆ ಹೊರಳಾಡಿ, ಅದೇ ಹೊಸ ಚಿಂತೆಯಾಗುತ್ತದೆ. ಆ ಹುಡುಗನಿಗೆ ಏಳುವ ಸಮಯವನ್ನು ಮೊದಲು ಆರೂವರೆಗೆ ನಿಲ್ಲಿಸಿದೆವು, ರಜೆಯ ದಿನವೂ ಅದೇ. ಆಮೇಲೆ ಮಲಗುವ ಹೊತ್ತನ್ನು ಎರಡು ಮೂರು ದಿನಕ್ಕೊಮ್ಮೆ ಹದಿನೈದು ಇಪ್ಪತ್ತು ನಿಮಿಷ ಹಿಂದಕ್ಕೆ ತಂದೆವು. ಮೂರನೇ ವಾರದ ಹೊತ್ತಿಗೆ ಹನ್ನೊಂದಕ್ಕೆ ಬಂತು. ಎಂಟು ಗಂಟೆ ಆಗಲಿಲ್ಲ, ಏಳೂವರೆಗೆ ನಿಂತಿತು, ಅದೂ ದೊಡ್ಡ ಬದಲಾವಣೆಯೇ. ಕಾಫಿ ಟೀ ಮಧ್ಯಾಹ್ನದವರೆಗೆ ಮಾತ್ರ ಇರಲಿ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ದೇಹದಲ್ಲೇ ಇರುತ್ತದೆ. ಕೈ ನಡುಗುವುದು, ಎದೆ ಬಡಿಯುವುದು ಕೆಫೀನಿನಿಂದಲೂ ಆಗುತ್ತದೆ, ಮಕ್ಕಳು ಅದನ್ನೇ ಭಯ ಅಂದುಕೊಳ್ಳುತ್ತಾರೆ. ನಿದ್ದೆ ಸುಧಾರಿಸಲು ಎರಡು ಮೂರು ವಾರವಾದರೂ ಬೇಕು. ನಿಮಗೆ ಎರಡೂವರೆ ತಿಂಗಳಿದೆ, ಕೊನೆಯ ವಾರಕ್ಕೆ ಬಿಡಬೇಡಿ.

ಈಗ ಪರೀಕ್ಷಾ ಕೋಣೆಯೊಳಗಿನ ಮಾತು. ಒಂದು ಪ್ರಶ್ನೆಗೆ ಮೂರು ನಿಮಿಷ ದಾಟಿದರೆ ಗುರುತು ಹಾಕಿ ಮುಂದೆ ಹೋಗಬೇಕು. ಈ ನಿಯಮವನ್ನು ಮನೆಯಲ್ಲೇ ರೂಢಿ ಮಾಡಿಕೊಳ್ಳಬೇಕು, ಪರೀಕ್ಷೆಯ ದಿನ ತೀರ್ಮಾನಿಸಲು ಆಗುವುದಿಲ್ಲ. ತಲೆ ಪೂರ್ತಿ ಖಾಲಿಯಾದರೆ ಪೆನ್ನು ಕೆಳಗಿಡಲಿ. ನಾಲ್ಕು ಎಣಿಸುತ್ತ ಉಸಿರು ತೆಗೆದುಕೊಂಡು, ಆರು ಎಣಿಸುತ್ತ ನಿಧಾನವಾಗಿ ಬಿಡಲಿ. ಹೀಗೆ ಆರು ಸಲ ಮಾಡಿದರೆ ಒಂದು ನಿಮಿಷ. ಉಸಿರು ಬಿಡುವುದು ಉದ್ದವಾಗಿರಬೇಕು, ಎದೆಬಡಿತ ಇಳಿಸುವುದು ಅದೇ. ಆಮೇಲೆ ಖಂಡಿತ ಬರುವ ಎರಡು ಸುಲಭದ ಪ್ರಶ್ನೆ ಹುಡುಕಿ ಮಾಡಲಿ. ಕಷ್ಟದ್ದಕ್ಕೆ ಆಮೇಲೆ ಮರಳಲಿ. ಮೂರು ಗಂಟೆಯಲ್ಲಿ ಒಂದು ನಿಮಿಷ ಹೋದರೆ ನಷ್ಟವಿಲ್ಲ. ಆದರೆ ಈ ಉಸಿರಾಟವನ್ನು ಮೊದಲ ಸಲ ಗಾಬರಿಯಲ್ಲೇ ಪ್ರಯತ್ನಿಸಿದರೆ ಕೆಲಸ ಮಾಡುವುದಿಲ್ಲ. ದಿನಾ ಓದಲು ಕೂರುವ ಮುನ್ನ ಒಂದು ನಿಮಿಷ ಅಭ್ಯಾಸ ಬೇಕು.

ಇನ್ನೊಂದು ಉಪಾಯವನ್ನು ಮಾಕ್ ಟೆಸ್ಟ್‌ನಲ್ಲಿ ಮೊದಲು ಪರೀಕ್ಷಿಸಿ ನೋಡಬಹುದು. ಪರೀಕ್ಷೆಗೆ ಮುನ್ನ ಹತ್ತು ನಿಮಿಷ, ಏನೆಲ್ಲಾ ಭಯವಿದೆಯೋ ಅದನ್ನೆಲ್ಲಾ ಒಂದು ಹಾಳೆಯಲ್ಲಿ ಬರೆದು ಹರಿದುಹಾಕುವುದು. ರಾಮಿರೆಜ್ ಮತ್ತು ಬೈಲಾಕ್ ಎಂಬ ಮನೋವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಹತ್ತು ನಿಮಿಷ ಬರೆದ ಆತಂಕದ ಮಕ್ಕಳು ಉತ್ತಮ ಅಂಕ ಪಡೆದಿದ್ದರು. ಎಲ್ಲರಿಗೂ ಇದು ಹೊಂದುವುದಿಲ್ಲ. ಬರೆದ ಮೇಲೆ ಭಯ ಹೆಚ್ಚಿತು ಅಂದರೆ ಬಿಟ್ಟುಬಿಡಲಿ. ಹರಿದುಹಾಕುವುದು ಅಧ್ಯಯನದ ಭಾಗವಲ್ಲ, ನಾನು ಸೇರಿಸಿದ್ದು. ಯಾರಾದರೂ ಓದಿಯಾರು ಎಂಬ ಅಳುಕಿದ್ದರೆ ಮಕ್ಕಳು ನಿಜ ಬರೆಯುವುದಿಲ್ಲ.

ಆ ಹುಡುಗನ ಗೊತ್ತಿದ್ದೂ ತಪ್ಪುವ ಪ್ರಶ್ನೆಗಳು ಒಂದೂವರೆ ತಿಂಗಳಲ್ಲಿ ಹದಿನೈದರಿಂದ ಆರಕ್ಕೆ ಇಳಿದವು. ಗೊತ್ತಿಲ್ಲದ ಹನ್ನೆರಡು ಹೆಚ್ಚೂಕಡಿಮೆ ಹಾಗೇ ಇದ್ದವು, ಅದಕ್ಕೆ ಓದೇ ಬೇಕಿತ್ತು. ಈ ಕ್ರಮದಿಂದ ಸಿಗುವುದು ಇಷ್ಟು. ಗೊತ್ತಿರುವುದರ ಅಂಕ ಕೈಗೆ ಬರುತ್ತದೆ, ಗೊತ್ತಿಲ್ಲದ್ದು ಗೊತ್ತಾಗುವುದಿಲ್ಲ.

ನಿಮ್ಮ ಕಡೆಯಿಂದ ಏನು ಮಾಡಬೇಕು ಎಂಬುದೇ ನನಗೆ ಇಲ್ಲಿ ದೊಡ್ಡ ವಿಷಯ. ಮಾಕ್ ಟೆಸ್ಟ್ ಮುಗಿಸಿ ಬಾಗಿಲು ತೆರೆದ ಕೂಡಲೇ ಎಷ್ಟು ಬಂತು ಅಂತ ಕೇಳುವುದು ಬಹಳ ಮನೆಗಳಲ್ಲಿ ಇದೆ. ಕೇಳುವುದು ಪ್ರೀತಿಯಿಂದಲೇ. ಆದರೆ ಮಗು ಪರೀಕ್ಷೆ ಬರೆಯುತ್ತಿರುವಾಗಲೇ ಆ ಬಾಗಿಲಿನ ಪ್ರಶ್ನೆಗೆ ಉತ್ತರ ಹುಡುಕುತ್ತಿರುತ್ತದೆ. ‘ಮನೆಯಲ್ಲಿ ಏನು ಹೇಳಲಿ’ ಎಂದು ಮೇಲೆ ಹೇಳಿದೆನಲ್ಲ, ಅದು ಮಕ್ಕಳು ನನ್ನ ಹತ್ತಿರ ಪದೇ ಪದೇ ಹೇಳುವ ಮಾತು. ಹಾಗಾಗಿ ಮುಂದಿನ ಟೆಸ್ಟ್‌ಗೆ ಮುನ್ನವೇ ಅವಳಿಗೆ ಹೇಳಿಬಿಡಿ: ‘ಇನ್ಮೇಲೆ ಬಂದ ಕೂಡಲೇ ಅಂಕ ಕೇಳಲ್ಲ. ಹೇಳಬೇಕು ಅನ್ನಿಸಿದಾಗ ನೀನೇ ಹೇಳು.’ ಹೇಳಿದ ಮೇಲೆ ನಿಜವಾಗಿಯೂ ಕೇಳಬೇಡಿ. ಕಣ್ಣಲ್ಲೂ ಕೇಳಬೇಡಿ. ಸುಮ್ನೆ ಊಟ ಬಡಿಸಿ, ಅವಳು ಮಲಗಬೇಕೆಂದರೆ ಮಲಗಲಿ.

ಅಂದರೆ ಓದಿನ ಮಾತೇ ಬೇಡವಾ? ಬೇಕು, ಆದರೆ ಅದಕ್ಕೊಂದು ಹೊತ್ತು ಗೊತ್ತು ಮಾಡಿ. ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಸಾಕು, ಅವಳು ತಪ್ಪುಗಳನ್ನು ಗುಂಪು ಮಾಡಿದ ಮೇಲೆ. ಆಗ ಅಂಕದ ಬದಲು ‘ಈ ಸಲ ಗೊತ್ತಿದ್ದೂ ತಪ್ಪಿದ್ದು ಎಷ್ಟು, ಹೋದ ಸಲಕ್ಕಿಂತ ಕಡಿಮೆಯಾ’ ಅಂತ ಕೇಳಿ. ‘ನಾವೇನು ಮಾಡಿದರೆ ನಿನಗೆ ಸುಲಭ’ ಅಂತಲೂ ಕೇಳಿ. ಬಾಯಿಪಾಠದಂತೆ ಕೇಳಿದರೆ ‘ಏನೂ ಬೇಡ’ ಅಂತಾಳೆ. ‘ಬೆಳಿಗ್ಗೆ ಟಿವಿ ಸದ್ದು ತೊಂದರೆ ಕೊಡುತ್ತಾ, ನೆಂಟರು ಬಂದಾಗ ನೀನು ಹೊರಗೆ ಬರಲೇಬೇಕಾ’ ಅಂತ ಸಣ್ಣದಾಗಿ ಕೇಳಿದರೆ ಉತ್ತರ ಬರುತ್ತದೆ. ಉಳಿದ ಆರು ದಿನ ಊಟದ ಹೊತ್ತಿನಲ್ಲಿ ಪರೀಕ್ಷೆಯ ಸುದ್ದಿ ಬೇಡ. ಅವಳ ಅಂಕವನ್ನು ಅವಳನ್ನು ಕೇಳದೆ ನೆಂಟರಿಗೆ, ವಾಟ್ಸಾಪ್ ಗುಂಪಿಗೆ ಹೇಳಬೇಡಿ. ‘ನಿನಗೋಸ್ಕರ ಎಷ್ಟು ಖರ್ಚು ಮಾಡಿದ್ದೇವೆ’ ಅನ್ನುವ ಮಾತು ಕೋಪದಲ್ಲೂ ಬೇಡ. ಅದನ್ನು ಮಕ್ಕಳು ಮರೆಯುವುದಿಲ್ಲ.

ಸಿಡುಕಿದಾಗ ಅಲ್ಲೇ ಬುದ್ಧಿ ಹೇಳಲು ಹೋಗಬೇಡಿ. ನಾಲ್ಕು ಗಂಟೆ ಮಲಗಿದ ಯಾರಾದರೂ ಸಿಡುಕುತ್ತಾರೆ, ಅಲ್ವಾ? ನಿದ್ದೆ ಸರಿಹೋದ ಮೇಲೂ ಹಾಗೇ ಇದ್ದರೆ ಆಗ ಯೋಚಿಸೋಣ.

ಸೀಟು ಸಿಗದಿದ್ದರೆ ಮುಂದೇನು ಎಂಬ ಮಾತನ್ನು ಅಪ್ಪ ಅಮ್ಮ ಇಬ್ಬರೂ ಸೇರಿ ಒಂದು ಸಲ ಆಡಬೇಕು. ಬೇರೆ ದಾರಿ ತೋರಿಸಿದರೆ ಓದು ಸಡಿಲವಾಗುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಹೀಗೆ ಆತಂಕಪಟ್ಟು ಓದುವ ಮಕ್ಕಳಲ್ಲಿ ನಾನು ನೋಡುವುದು ಅದರ ಉಲ್ಟಾ. ಈ ಒಂದು ದಿನ ತಪ್ಪಿದರೆ ಎಲ್ಲಾ ಮುಗಿಯಿತು ಎಂದುಕೊಂಡ ಮಗುವಿಗೆ ಪ್ರತಿ ಪ್ರಶ್ನೆಯೂ ಅಪಾಯವಾಗಿ ಕಾಣುತ್ತದೆ. ಸುಮ್ನೆ ‘ಚಿಂತೆ ಮಾಡ್ಬೇಡ’ ಅಂದರೆ ಸಾಲದು. ಯಾವ ಕೋರ್ಸು, ಅರ್ಜಿಯ ಕೊನೆಯ ದಿನಾಂಕ ಯಾವುದು, ಇನ್ನೊಂದು ಸಲ ಬರೆಯಬೇಕೆಂದರೆ ಮನೆಯವರು ಒಪ್ಪುತ್ತಾರಾ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಡಿ. ಅಪ್ಪ ಒಂದು, ಅಮ್ಮ ಒಂದು ಹೇಳಿದರೆ ಮಗು ಕಠಿಣವಾದದ್ದನ್ನೇ ನಂಬುತ್ತದೆ. ಆದ್ದರಿಂದ ಮೊದಲು ನೀವಿಬ್ಬರೂ ಬೇರೆ ಕೂತು ಮಾತಾಡಿಕೊಳ್ಳಿ. ನಿಮ್ಮ ಚಿಂತೆಯನ್ನೂ ಅಲ್ಲೇ ಹೇಳಿಕೊಳ್ಳಿ.

ಡಾಕ್ಟರ್ ವಿಷಯ. ಮೇಲೆ ಹೇಳಿದ್ದನ್ನೆಲ್ಲಾ ಮೂರು ವಾರ ಮಾಡಿಯೂ ನಡುಕ ಮತ್ತು ಮರೆವು ಕಡಿಮೆಯಾಗದಿದ್ದರೆ ಮನಶ್ಶಾಸ್ತ್ರಜ್ಞರನ್ನು ಕಾಣಿ. ಪರೀಕ್ಷಾ ಆತಂಕಕ್ಕೆ ಆಲೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಚಿಕಿತ್ಸೆ ಇದೆ, ಸಿಬಿಟಿ ಅನ್ನುತ್ತಾರೆ. ಕೆಲವೇ ವಾರಗಳಲ್ಲಿ ಉಪಯೋಗ ಕಾಣಬಹುದು. ಟೆಸ್ಟ್ ಇರುವ ದಿನ ಬೆಳಿಗ್ಗೆ ವಾಂತಿ, ಹೊಟ್ಟೆನೋವು ಬಂದು ಟೆಸ್ಟನ್ನೇ ತಪ್ಪಿಸಲು ಶುರು ಮಾಡಿದರೆ ಮೂರು ವಾರ ಕಾಯಬೇಡಿ. ತಪ್ಪಿಸಿದಷ್ಟೂ ಭಯ ಬಲಿಯುತ್ತದೆ. ಎರಡು ವಾರಕ್ಕಿಂತ ಹೆಚ್ಚು ದಿನ ಬಹುಪಾಲು ಹೊತ್ತು ಮಂಕಾಗಿದ್ದರೆ, ಮೊದಲು ಇಷ್ಟಪಡುತ್ತಿದ್ದ ಯಾವುದೂ ಬೇಡವಾದರೆ, ಊಟ ಬಿಟ್ಟರೆ, ಮಲಗಲು ಸಮಯವಿದ್ದೂ ನಿದ್ದೆ ಬಾರದಿದ್ದರೆ ಅದು ಖಿನ್ನತೆ ಇರಬಹುದು, ಮನೋವೈದ್ಯರೇ ನೋಡಬೇಕು. ರಕ್ತಹೀನತೆ, ಥೈರಾಯ್ಡ್ ತೊಂದರೆಯಿಂದಲೂ ಸುಸ್ತು ನಡುಕ ಬರುತ್ತವೆ, ಅದನ್ನೂ ವೈದ್ಯರು ಪರೀಕ್ಷಿಸುತ್ತಾರೆ. ಯಾರೋ ಕೊಟ್ಟ ನಿದ್ದೆ ಮಾತ್ರೆ, ನಡುಕದ ಮಾತ್ರೆ ಮಾತ್ರ ಕೊಡಬೇಡಿ. ನಡುಕಕ್ಕೆ ಹೆಚ್ಚಾಗಿ ಕೇಳಿಬರುವ ಪ್ರೊಪ್ರನಲಾಲ್ ಅಸ್ತಮಾ ಇರುವವರ ಜೀವಕ್ಕೇ ಅಪಾಯ.

ಸಾವಿನ ಯೋಚನೆ ಬರುತ್ತದೆಯಾ ಎಂದು ಮಗುವನ್ನು ನೇರವಾಗಿ ಕೇಳಬಹುದು. ಕೇಳಿದರೆ ಆ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹೌದು ಅಂದರೆ ಬೈಯಬೇಡಿ, ಆಣೆ ಮಾಡಿಸಬೇಡಿ. ಒಬ್ಬಳನ್ನೇ ಬಿಡಬೇಡಿ, ಮಾತ್ರೆ, ವಿಷದ ಔಷಧಿಗಳನ್ನು ಕೈಗೆ ಸಿಗದಂತೆ ತೆಗೆದಿಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ‘ನಾನು ಎಲ್ಲರಿಗೂ ಭಾರ’ ಅನ್ನುವುದು, ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, ಬಹಳ ದಿನದ ಬೇಜಾರಿನ ನಂತರ ಇದ್ದಕ್ಕಿದ್ದಂತೆ ಶಾಂತವಾಗುವುದು ಕೂಡ ಎಚ್ಚರಿಕೆಯ ಗುರುತುಗಳೇ.

ಕೊನೆಗೆ ಫಲಿತಾಂಶದ ದಿನದ ಬಗ್ಗೆ. ಮನೆಯವರು ಪರೀಕ್ಷೆಯ ದಿನಕ್ಕೆ ಎಷ್ಟೋ ತಯಾರಿ ಮಾಡುತ್ತಾರೆ, ಇದಕ್ಕೆ ಮಾಡುವುದಿಲ್ಲ. ಫಲಿತಾಂಶವನ್ನು ಅವಳು ಒಬ್ಬಳೇ ನೋಡುತ್ತಾಳಾ, ನಿಮ್ಮ ಜೊತೆ ನೋಡುತ್ತಾಳಾ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಅವತ್ತು ಬರುವ ಫೋನುಗಳನ್ನು ನೀವೇ ಎತ್ತಿ, ‘ಆಮೇಲೆ ಹೇಳ್ತೀವಿ’ ಅಂದುಬಿಡಿ. ಅಂಕ ಕಡಿಮೆ ಬಂದರೆ ಮುಂದಿನ ತೀರ್ಮಾನ ಅವತ್ತೇ ಬೇಡ. ನಂತರದ ಒಂದು ವಾರ ಮನೆಯಲ್ಲಿ ಯಾರಾದರೂ ಒಬ್ಬರು ಅವಳ ಜೊತೆ ಇರುವಂತೆ ನಿಮ್ಮ ಕೆಲಸ, ರಜೆ, ಪ್ರಯಾಣಗಳನ್ನು ಈಗಲೇ ಹೊಂದಿಸಿಕೊಳ್ಳಿ.